ಕಂತು ಕದಲದಿದ್ದರೂ ಸಾಲ ಬೆಳೆದಾಗ

ಮನೆ ಸಾಲಕ್ಕೆ ಫ್ಲೋಟಿಂಗ್ ಬಡ್ಡಿ ಒಳ್ಳೆಯದೋ, ಸ್ಥಿರ ಬಡ್ಡಿ ಒಳ್ಳೆಯದೋ ಎಂಬ ಚರ್ಚೆ ಮುಗಿಯುವುದೇ ಇಲ್ಲ. ನನ್ನ ತಕರಾರು ಇವೆರಡರ ಮೇಲೂ ಅಲ್ಲ. ಬಡ್ಡಿ ಏರಿದಾಗ ಕಂತನ್ನು ಹಾಗೇ ಇಟ್ಟು, ಸಾಲಗಾರನನ್ನು ಕೇಳದೆ ಅವಧಿಯನ್ನು ಎಳೆಯುವ ರೂಢಿಯ ಮೇಲೆ.

ಒಂದು ಲೆಕ್ಕ ಹಾಕಿ ನೋಡೋಣ. ಮೂಗೂರಿನಲ್ಲಿ ಮನೆ ಕಟ್ಟಲು ಒಬ್ಬರು 2022ರ ಜನವರಿಯಲ್ಲಿ 20 ಲಕ್ಷ ಸಾಲ ಪಡೆದರು ಎನ್ನಿ. ನಂಜನಗೂಡಿನ ಕಾರ್ಖಾನೆಯ ಸಂಬಳ, ಜೊತೆಗೆ ಮನೆಯವರ ಗದ್ದೆ. ಆಗ ರೆಪೋ ದರ ಶೇ 4. ಬ್ಯಾಂಕು ಅದರ ಮೇಲೆ ತನ್ನ ಪಾಲು ಶೇ 3 ಸೇರಿಸಿದರೆ ಬಡ್ಡಿ ಶೇ 7. ಇಪ್ಪತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 15,500 ರೂಪಾಯಿ. ಬ್ಯಾಂಕುಗಳ ಹೊಸ ಫ್ಲೋಟಿಂಗ್ ಮನೆ ಸಾಲಗಳೆಲ್ಲ ರೆಪೋದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಣೆ ಆಗಬೇಕು ಎಂಬ ನಿಯಮ 2019ರ ಅಕ್ಟೋಬರಿನಿಂದ ಇದೆ. ಈ ಪರಿಷ್ಕರಣೆಯನ್ನೇ ರೀಸೆಟ್ ಎನ್ನುವುದು. 2022ರ ಮೇ ತಿಂಗಳಲ್ಲಿ ಏರತೊಡಗಿದ ರೆಪೋ 2023ರ ಫೆಬ್ರುವರಿಗೆ ಶೇ 6.5 ಮುಟ್ಟಿತು. ಇವರ ಬಡ್ಡಿ ಶೇ 9.5 ಆಯಿತು.

ಆ ಹೊತ್ತಿಗೆ ಸುಮಾರು 19.7 ಲಕ್ಷ ಬಾಕಿ. ಅದರ ಒಂದು ತಿಂಗಳ ಬಡ್ಡಿಯೇ ಹತ್ತಿರ ಹತ್ತಿರ 15,600. ಕಂತು 15,500. ಪ್ರತಿ ತಿಂಗಳೂ ತಪ್ಪದೆ ಕಟ್ಟಿದರೂ ಅಸಲು ಕರಗದು, ಉಳಿದ ಬಡ್ಡಿ ಅಸಲಿಗೇ ಸೇರಿ ಸಾಲ ಬೆಳೆಯುತ್ತದೆ. ಇನ್ನೆಷ್ಟು ವರ್ಷ ಎಳೆದರೂ ಈ ಕಂತಿನಲ್ಲಿ ಸಾಲ ತೀರುವ ದಿನವೇ ಇಲ್ಲ. ಬಾಕಿಯನ್ನು ಬಡ್ಡಿ ದರದಿಂದ ಗುಣಿಸಿ 1,200ರಿಂದ ಭಾಗಿಸಿದರೆ ಆ ತಿಂಗಳ ಬಡ್ಡಿ ಸಿಗುತ್ತದೆ. ಅದು ಕಂತಿನ ಸಮೀಪಕ್ಕೆ ಬಂದಿದ್ದರೆ ಆ ವಾರವೇ ಬ್ಯಾಂಕಿಗೆ ಹೋಗಬೇಕು.

ಹೋದಾಗ ಮುಂದಿರುವ ದಾರಿ ಎರಡು. ಉಳಿದ ಹತ್ತೊಂಬತ್ತು ವರ್ಷದಲ್ಲೇ ಮುಗಿಸಬೇಕೆಂದರೆ ಕಂತು ಸುಮಾರು 18,700ಕ್ಕೆ ಏರುತ್ತದೆ. ಮೂವತ್ತು ವರ್ಷಕ್ಕೆ ಎಳೆದರೆ ಸುಮಾರು 16,600 ಸಾಕು. ತಿಂಗಳಿಗೆ ಎರಡು ಸಾವಿರ ಉಳಿಯಿತೆಂದು ಸಮಾಧಾನವಾಗುವುದು ಸಹಜ. ಆದರೆ ದರ ಹಾಗೇ ನಿಂತರೆ ಕೊನೆಗೆ ಕಟ್ಟುವ ಒಟ್ಟು ಮೊತ್ತದಲ್ಲಿ 17 ಲಕ್ಷದಷ್ಟು ಹೆಚ್ಚು. ಅವಧಿ ಎಳೆಸಿಕೊಂಡವರು ಮುಂದಿನ ಎರಡು ವರ್ಷದಲ್ಲಿ ಸುಮಾರು 4 ಲಕ್ಷ ಕಟ್ಟಿದರೂ ತೀರುವ ಅಸಲು 25 ಸಾವಿರದ ಆಸುಪಾಸು. ನಲವತ್ತರ ವಯಸ್ಸಿನವರಾದರೆ ಕಾರ್ಖಾನೆಯ ಕೆಲಸ ಮುಗಿದ ಮೇಲೂ ಹತ್ತು ವರ್ಷ ಕಂತು ಕಟ್ಟುತ್ತಿರಬೇಕು. ಸಂಸಾರಕ್ಕೆ ನಿಜಕ್ಕೂ ಕಷ್ಟವಿದ್ದಾಗ ಒಂದೆರಡು ವರ್ಷ ಎಳೆಸಿಕೊಳ್ಳುವುದು ಬೇರೆ ಮಾತು. ಕೇಳದೆಯೇ ಎಳೆದುಬಿಡುವುದು ಅನ್ಯಾಯ.

ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಹೊರಡಿಸಿದ ಸುತ್ತೋಲೆ ಈ ಅನ್ಯಾಯವನ್ನೇ ಹಿಡಿದಿತ್ತು. ಕಂತು ಏರಿಸುವುದೋ, ಅವಧಿ ಹಿಗ್ಗಿಸುವುದೋ, ಎರಡನ್ನೂ ಸೇರಿಸುವುದೋ ಎಂಬ ಆಯ್ಕೆ ಸಾಲಗಾರನದು. ಅವಧಿ ಎಳೆದು ಅಸಲೇ ಬೆಳೆಯುವಂತೆ ಮಾಡಬಾರದು. ರೀಸೆಟ್ ವೇಳೆ ಸ್ಥಿರ ಬಡ್ಡಿಗೆ ಬದಲಾಗುವ ಅವಕಾಶ ಕೊಡಬೇಕು ಎಂದಿತು. ಗೃಹ ಸಾಲ ಕಂಪನಿಗಳಿಗೂ ಇದು ಅನ್ವಯ. ಒಳ್ಳೆಯ ನಿಯಮ. ಆದರೆ 2025ರ ಅಕ್ಟೋಬರಿನಿಂದ ಸ್ಥಿರ ಬಡ್ಡಿಗೆ ಬದಲಾಗುವ ಅವಕಾಶ ಬ್ಯಾಂಕಿನ ಇಚ್ಛೆಗೆ ಬಿಟ್ಟದ್ದಾಗಿದೆ. ಇದನ್ನು ನಾನು ಹಿಂದಡಿ ಎಂದೇ ಎಣಿಸುತ್ತೇನೆ, ಸ್ಥಿರ ಬಡ್ಡಿಯ ಬಗ್ಗೆ ನನಗೆ ದೊಡ್ಡ ಒಲವಿಲ್ಲದಿದ್ದರೂ.

ಒಲವಿಲ್ಲದಿರಲು ಕಾರಣವಿದೆ. ಸ್ಥಿರ ಎಂದು ಕೊಡುವ ಸಾಲ ಹಲವು ಸಲ ಮೊದಲ ಕೆಲವು ವರ್ಷಕ್ಕಷ್ಟೇ ಸ್ಥಿರ, ಆಮೇಲೆ ಪರಿಷ್ಕರಣೆ ಎಂಬ ಷರತ್ತು ಕರಾರುಪತ್ರದಲ್ಲಿರುತ್ತದೆ. ಸಹಿಗೆ ಮುಂಚೆ ಆ ಪುಟ ಓದಿಸಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾದದ್ದು, ಮೂಗೂರಿನಂಥ ಕಡೆ ದುಡ್ಡು ಬರುವ ರೀತಿ. ಭತ್ತವೋ ಕಬ್ಬೋ ಮಾರಿದಾಗ ಒಂದಿಷ್ಟು ಒಟ್ಟಿಗೆ ಕೈಗೆ ಬರುತ್ತದೆ. ಮನೆಗಾಗಿ ಪಡೆದ ಫ್ಲೋಟಿಂಗ್ ಸಾಲಕ್ಕೆ ಮುಂಗಡವಾಗಿ ಕಟ್ಟಿದರೆ ದಂಡವಿಲ್ಲ; ಸ್ಥಿರ ಸಾಲಕ್ಕೆ ದಂಡ ಇರಬಹುದು. ಮೇಲಿನ ಲೆಕ್ಕದಲ್ಲಿ ಕಂತು 18,700ಕ್ಕೆ ಏರಿಸಿಕೊಂಡವರು ಒಂದು ಸುಗ್ಗಿಯಲ್ಲಿ 50 ಸಾವಿರ ಅಸಲಿಗೆ ಕಟ್ಟಿದರೆ ಕೊನೆಯ ಸುಮಾರು 15 ಕಂತುಗಳು ಇಲ್ಲವಾಗುತ್ತವೆ. ಈ ಹಣ ಅಸಲಿಗೇ ಜಮೆಯಾಗಲಿ, ಕಂತು ಹಾಗೇ ಇದ್ದು ಅವಧಿ ಇಳಿಯಲಿ ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಬೇಕು. ಆದ್ದರಿಂದ ಇಂಥ ಮನೆಗಳಿಗೆ ಫ್ಲೋಟಿಂಗ್ ಸಾಲವೇ ವಾಸಿ, ಬಡ್ಡಿ ಏರಿದಾಗ ಕಂತನ್ನೂ ಏರಿಸಿಕೊಳ್ಳುವ ಶಕ್ತಿ ಇದ್ದರೆ. ಆ ಶಕ್ತಿ ಇಲ್ಲದಷ್ಟು ಬಿಗಿಯಾಗಿ ಸಾಲ ಮಾಡಿದ್ದರೆ ಯಾವ ಬಡ್ಡಿಯೂ ಕಾಯದು.

2025ರಲ್ಲಿ ರೆಪೋ ಇಳಿಯತೊಡಗಿ ಡಿಸೆಂಬರಿಗೆ ಶೇ 5.25ಕ್ಕೆ ಬಂತು. ಏರಿದಾಗ ಅವಧಿ ಎಳೆಸಿಕೊಂಡವರು ಈಗ ಕಂತು ಇಳಿಸಿಕೊಳ್ಳದೆ ಅವಧಿಯನ್ನೇ ಇಳಿಸಿಕೊಳ್ಳಬೇಕು. ಇಳಿದಿದೆಯೋ ಎಂದು ತಿಳಿಯಲು ಮೂರು ತಿಂಗಳಿಗೊಮ್ಮೆ ಕೊಡಬೇಕಾದ ಲೆಕ್ಕಪಟ್ಟಿಯಲ್ಲಿ ಉಳಿದ ಕಂತುಗಳ ಸಂಖ್ಯೆ ನೋಡಬೇಕು. ಆ ಪಟ್ಟಿ ಸರಳವಾಗಿ, ಸಾಲಗಾರನಿಗೆ ಸುಲಭವಾಗಿ ಅರ್ಥವಾಗುವಂತೆ ಇರಬೇಕೆಂದೂ 2023ರ ಸುತ್ತೋಲೆ ಹೇಳುತ್ತದೆ. ಮೂಗೂರಿನ ಸಾಲಗಾರನಿಗೆ ಅದು ಕನ್ನಡದಲ್ಲಿ ಬರಬೇಕು, ಅದನ್ನು ಅವನು ಶಾಖೆಯಲ್ಲಿ ಲಿಖಿತವಾಗಿ ಕೇಳಬೇಕು.