ತಪ್ಪು ಉತ್ತರಗಳ ವಹಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿ, ಅದರಲ್ಲಿ ತಪ್ಪಿದ ಪ್ರಶ್ನೆಗಳನ್ನು ಕಾರಣದ ಸಮೇತ ಬರೆದಿಡುವ ನೋಟ್‌ಬುಕ್ಕೇ ತಪ್ಪು ಉತ್ತರಗಳ ವಹಿ. ಒಂದೆರಡು ಪರೀಕ್ಷೆ ಬರೆದು ಪಳಗಿದ ಹಿರಿಯ ವಿದ್ಯಾರ್ಥಿಗಳು ಹೊಸದಾಗಿ ಓದಲು ಕೂತ ಕಿರಿಯರಿಗೆ ಇಂಥದೊಂದು ವಹಿ ಇಡಲು ಹೇಳುತ್ತಾರೆ. ಕಿರಿಯರು ಅದನ್ನು ಇಡುತ್ತಾರೆ ಕೂಡ. ಆದರೆ ಹೆಚ್ಚಿನವರ ವಹಿಯಲ್ಲಿ ಪ್ರಶ್ನೆ ಮತ್ತು ಸರಿ ಉತ್ತರ ಮಾತ್ರ ಇರುತ್ತವೆ. ತಾವು ಯಾವ ಉತ್ತರ ಗುರುತಿಸಿದ್ದರು, ಅದು ಯಾಕೆ ಸರಿ ಅನಿಸಿತ್ತು ಎಂಬುದು ಇರುವುದಿಲ್ಲ. ಹಾಗೆ ಬರೆದ ವಹಿ ಇನ್ನೊಂದು ಸಾಮಾನ್ಯ ಜ್ಞಾನದ ಪುಸ್ತಕವಾಗುತ್ತದೆಯೇ ಹೊರತು ತಪ್ಪನ್ನು ತಿದ್ದುವುದಿಲ್ಲ.

ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಲ್ಲಿ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಅಭ್ಯರ್ಥಿಯೊಬ್ಬರಿದ್ದಾರೆ ಎಂದಿಟ್ಟುಕೊಳ್ಳೋಣ. ರವಿವಾರ ಬೆಳಿಗ್ಗೆ ಅವರು ನೂರು ಪ್ರಶ್ನೆಗಳ ಮಾದರಿ ಪತ್ರಿಕೆ ಬಿಡಿಸುತ್ತಾರೆ. ವಹಿಯ ಕೆಲಸ ಶುರುವಾಗುವುದು ಕೀ ಉತ್ತರ ನೋಡಿದ ಮೇಲಲ್ಲ, ಅದಕ್ಕೂ ಮೊದಲು. ಪ್ರತಿ ಉತ್ತರ ಗುರುತಿಸುವಾಗಲೇ ಪಕ್ಕದಲ್ಲಿ ಒಂದಕ್ಷರ ಹಾಕಬೇಕು: ಖಚಿತವಿದ್ದರೆ ‘ಖ’, ಎರಡು ಆಯ್ಕೆಗಳ ನಡುವೆ ತೂಗಿ ಒಂದನ್ನು ಹಿಡಿದಿದ್ದರೆ ‘ಅ’, ಏನೂ ಗೊತ್ತಿಲ್ಲದೆ ಹಾಕಿದ್ದರೆ ‘ಊ’. ಕೀ ಉತ್ತರ ಕಣ್ಣಿಗೆ ಬಿದ್ದ ಮೇಲೆ ಈ ಅಕ್ಷರ ಹಾಕಿ ಪ್ರಯೋಜನವಿಲ್ಲ. ಸರಿ ಉತ್ತರ ಕಂಡೊಡನೆ ‘ಇದು ನನಗೆ ಗೊತ್ತೇ ಇತ್ತು’ ಎಂದು ಮನಸ್ಸು ಹೇಳಿಕೊಳ್ಳುತ್ತದೆ, ಆಗ ಊಹೆಯೂ ತಿಳಿವಳಿಕೆಯಂತೆ ತೋರುತ್ತದೆ.

ಘಟಪ್ರಭಾ ನದಿ ಕೃಷ್ಣೆಯನ್ನು ಸೇರುವುದು ಎಲ್ಲಿ ಎಂಬ ಪ್ರಶ್ನೆ ಪತ್ರಿಕೆಯಲ್ಲಿ ಬಂದಿದೆ. ಆಯ್ಕೆಗಳಲ್ಲಿ ಕೂಡಲಸಂಗಮವೂ ಇದೆ, ಚಿಕ್ಕಸಂಗಮವೂ ಇದೆ. ಹೊಳೆಮಣ್ಣೂರಿನವರಿಗೆ ಕೂಡಲಸಂಗಮ ಚಿರಪರಿಚಿತ. ಊರ ಪಕ್ಕದ ಹೊಳೆ ಹೋಗಿ ಕೃಷ್ಣೆಯನ್ನು ಕೂಡುವ ಜಾಗ ಅದು. ಅಭ್ಯರ್ಥಿ ಕೂಡಲಸಂಗಮ ಗುರುತಿಸಿ ಪಕ್ಕದಲ್ಲಿ ‘ಖ’ ಹಾಕುತ್ತಾರೆ. ಸರಿ ಉತ್ತರ ಚಿಕ್ಕಸಂಗಮ. ಈಗ ವಹಿಯಲ್ಲಿ ‘ಘಟಪ್ರಭಾ: ಚಿಕ್ಕಸಂಗಮ’ ಎಂದಷ್ಟೇ ಬರೆದರೆ ಎಡವಿದ್ದು ಎಲ್ಲಿ ಎಂಬುದು ಮರೆಯಾಗುತ್ತದೆ. ಬರೆಯಬೇಕಾದದ್ದು ಹೀಗೆ: ‘ಗುರುತಿಸಿದ್ದು ಕೂಡಲಸಂಗಮ, ಖಚಿತ. ಸಂಗಮ ಎಂಬ ಪದ ಕಂಡೊಡನೆ ನಮ್ಮ ಹೊಳೆಯ ಸಂಗಮ ನೆನಪಾಯಿತು, ಪ್ರಶ್ನೆಯಲ್ಲಿದ್ದ ನದಿ ಬೇರೆ ಎಂಬುದನ್ನು ಗಮನಿಸಲಿಲ್ಲ. ಮಲಪ್ರಭಾ ಸೇರುವುದು ಕೂಡಲಸಂಗಮದಲ್ಲಿ, ಘಟಪ್ರಭಾ ಸೇರುವುದು ಚಿಕ್ಕಸಂಗಮದಲ್ಲಿ.’ ಎರಡು ನದಿಗಳನ್ನೂ ಒಟ್ಟಿಗೆ ಬರೆಯುವುದು ಇಲ್ಲಿ ಮುಖ್ಯ. ತಪ್ಪು ಹುಟ್ಟಿದ್ದು ಒಂದನ್ನು ತಿಳಿಯದ್ದರಿಂದಲ್ಲ, ಎರಡನ್ನು ಬೇರ್ಪಡಿಸದೆ ಹೋದದ್ದರಿಂದ.

‘ಖ’ ಹಾಕಿ ತಪ್ಪಿದ ಪ್ರಶ್ನೆಗಳು ವಹಿಯಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕು. ಅಮೆರಿಕದ ಮನೋವಿಜ್ಞಾನಿಗಳಾದ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹಳ ವಿಶ್ವಾಸದಿಂದ ಹೇಳಿದ ತಪ್ಪು ಉತ್ತರಗಳೇ ಸರಿ ಉತ್ತರ ತಿಳಿಸಿದ ಮೇಲೆ ಹೆಚ್ಚು ಚೆನ್ನಾಗಿ ತಿದ್ದಿಕೊಳ್ಳುತ್ತವೆ ಎಂದು ಕಂಡುಬಂತು. ತನಗೆ ಗೊತ್ತಿದೆ ಎಂದು ನಂಬಿದ್ದು ಸುಳ್ಳಾದಾಗ ಗಮನ ಚುರುಕಾಗುತ್ತದೆ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಬಟ್ಲರ್, ಫಾಝಿಯೊ ಮತ್ತು ಮಾರ್ಷ್ 2011ರಲ್ಲಿ ಅದೇ ಪರೀಕ್ಷೆಯನ್ನು ಒಂದು ವಾರದ ಅಂತರದಲ್ಲಿ ನಡೆಸಿ ನೋಡಿದರು. ತಿದ್ದಿಕೊಂಡದ್ದು ಬಹುಪಾಲು ಉಳಿದಿತ್ತು. ಸರಿ ಉತ್ತರ ಮರೆತುಹೋದ ಕಡೆ ಮಾತ್ರ, ಹಿಂದೆ ವಿಶ್ವಾಸದಿಂದ ಹೇಳಿದ್ದ ತಪ್ಪೇ ಮರಳಿ ಬರುವ ಸಂಭವ ಹೆಚ್ಚಿತ್ತು. ತಿದ್ದಿದ ಸಂಜೆ ‘ಇನ್ನು ಇದು ತಪ್ಪುವುದಿಲ್ಲ’ ಅನಿಸಿದ ಪ್ರಶ್ನೆಯನ್ನು ಒಂದು ವಾರದ ನಂತರ ಮತ್ತೆ ಕೇಳಿಕೊಳ್ಳಬೇಕಾದ ಕಾರಣ ಇದು.

ಹಾಗಾಗಿ ಅವಲೋಕನ ಮುಂದಿನ ರವಿವಾರ, ಹೊಸ ಪತ್ರಿಕೆಗೆ ಕೂಡುವ ಮೊದಲು. ಅವಲೋಕನವೆಂದರೆ ವಹಿಯನ್ನು ಓದಿ ಮುಗಿಸುವುದಲ್ಲ. ಉತ್ತರ ಮತ್ತು ಕಾರಣ ಬರೆದ ಭಾಗವನ್ನು ಹಾಳೆಯಿಂದ ಮುಚ್ಚಿ, ಪ್ರಶ್ನೆ ಮಾತ್ರ ನೋಡಿ, ಬೇರೊಂದು ಹಾಳೆಯ ಮೇಲೆ ಉತ್ತರ ಬರೆಯಬೇಕು. ಸಾಧ್ಯವಾದರೆ ಆಯ್ಕೆಗಳನ್ನು ವಹಿಗೆ ಇಳಿಸಿಕೊಳ್ಳಲೇಬಾರದು. ನಾಲ್ಕು ಆಯ್ಕೆ ಎದುರಿಗಿದ್ದರೆ ಉತ್ತರವನ್ನು ಗುರುತಿಸಿದರೆ ಸಾಕು, ಆಯ್ಕೆಯಿಲ್ಲದಿದ್ದರೆ ನೆನಪಿನಿಂದ ಹೊರತೆಗೆಯಬೇಕು. ಸರಿಯಾದರೆ ಪಕ್ಕದಲ್ಲಿ ದಿನಾಂಕ ಹಾಕಿ ಸರಿ ಗುರುತು, ತಪ್ಪಿದರೆ ದಿನಾಂಕ ಹಾಕಿ ತಪ್ಪು ಗುರುತು. ಸತತ ಎರಡು ವಾರ ಸರಿಯಾದ ಪ್ರಶ್ನೆ ವಾರದ ಪಟ್ಟಿಯಿಂದ ಬಿಡುಗಡೆಯಾಗಿ ತಿಂಗಳ ಕೊನೆಯ ಪಟ್ಟಿಗೆ ಹೋಗುತ್ತದೆ. ಅಲ್ಲಿಯೂ ಸರಿಯಾದರೆ ಅದರ ಮೇಲೆ ಗೆರೆ ಎಳೆಯಬಹುದು. ಈ ಬಿಡುಗಡೆಯ ನಿಯಮ ಇಲ್ಲದಿದ್ದರೆ ವಹಿ ಬೆಳೆಯುತ್ತಲೇ ಹೋಗಿ, ಎರಡು ತಿಂಗಳಲ್ಲಿ ತೆರೆಯಲೂ ಬೇಸರವಾಗುತ್ತದೆ.

ತಪ್ಪಿನ ಕಾರಣಗಳು ಎಲ್ಲ ಕಡೆ ಒಂದೇ ಅಲ್ಲ, ಪರಿಹಾರವೂ ಒಂದೇ ಅಲ್ಲ. ಸಂಗಮದ ಪ್ರಶ್ನೆಯದು ಗೊಂದಲದ ತಪ್ಪು. ಇಟಗಿಯ ಮಹಾದೇವ ದೇವಾಲಯ ಯಾವ ಜಿಲ್ಲೆಯಲ್ಲಿದೆ ಎಂದರೆ ರೋಣದ ಕಡೆಯವರು ಗದಗ ಎಂದು ಗುರುತಿಸುವುದೂ ಇದೇ ಜಾತಿಯದು. ಭೀಮಾಂಬಿಕೆಯ ಇಟಗಿ ರೋಣದ ಸೀಮೆಯದು. 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಇಟಗಿ ಕೊಪ್ಪಳ ಜಿಲ್ಲೆಯದು. ಇಂಥವಕ್ಕೆ ಮದ್ದು ಜೋಡಿಯಾಗಿ ಬರೆಯುವುದು.

ಗೊತ್ತಿಲ್ಲದ್ದರ ತಪ್ಪು ಬೇರೆ. ಗಜೇಂದ್ರಗಡ ಒಪ್ಪಂದದ ವರ್ಷ ಕೇಳಿದ್ದಾರೆ, ಅಭ್ಯರ್ಥಿ 1784 ಎಂದು ಊಹಿಸಿದ್ದಾರೆ. ಸರಿ ಉತ್ತರ 1787. ಇಲ್ಲಿ ಒಂದು ವರ್ಷವನ್ನು ಬಾಯಿಪಾಠ ಮಾಡಿದರೆ ಸಾಲದು, ಟಿಪ್ಪುವಿನ ಕಾಲದ ಆ ಅಧ್ಯಾಯವನ್ನೇ ಮತ್ತೊಮ್ಮೆ ಓದಬೇಕು. ಓದಿದರೆ 1784ರದು ಬ್ರಿಟಿಷರೊಂದಿಗಿನ ಮಂಗಳೂರು ಒಪ್ಪಂದ, 1787ರದು ಮರಾಠರು ಮತ್ತು ನಿಜಾಮನೊಂದಿಗಿನ ಯುದ್ಧ ಮುಗಿಸಿದ ಗಜೇಂದ್ರಗಡ ಒಪ್ಪಂದ, 1792ರದು ಶ್ರೀರಂಗಪಟ್ಟಣ ಒಪ್ಪಂದ ಎಂಬ ಸಾಲು ತಾನಾಗಿ ಕೂಡಿಬರುತ್ತದೆ. ವಹಿಯಲ್ಲಿ ಬರೆಯಬೇಕಾದದ್ದು ಈ ಸಾಲನ್ನು ಮತ್ತು ಯಾವ ಪುಸ್ತಕದ ಯಾವ ಪುಟದಲ್ಲಿ ಅದು ಸಿಕ್ಕಿತು ಎಂಬುದನ್ನು.

ಮೂರನೆಯದು ಪ್ರಶ್ನೆ ಓದುವಾಗಿನ ತಪ್ಪು. ‘ನರಗುಂದ ಬಂಡಾಯ’ ಎಂದರೆ 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದದ್ದೂ ಹೌದು, 1980ರ ರೈತ ಬಂಡಾಯವೂ ಹೌದು. ಪ್ರಶ್ನೆಯ ಮುಂದಿನ ಅರ್ಧದಲ್ಲಿ ಕಾಲದ ಸುಳಿವು ಇರುತ್ತದೆ. ಮೊದಲ ಅರ್ಧ ಓದಿಯೇ ಉತ್ತರಕ್ಕೆ ಹಾರಿದವರಿಗೆ ಅದು ಕಾಣುವುದಿಲ್ಲ. ‘ಯಾವುದು ಸರಿಯಲ್ಲ’ ಎಂಬುದನ್ನು ‘ಯಾವುದು ಸರಿ’ ಎಂದು ಓದುವುದೂ ಹೀಗೆಯೇ. ಇಂಥ ತಪ್ಪಿಗೆ ಇತಿಹಾಸ ಓದಿ ಪ್ರಯೋಜನವಿಲ್ಲ. ಪ್ರಶ್ನೆಯ ಕೊನೆಯ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದ ನಂತರವೇ ಆಯ್ಕೆಗಳನ್ನು ನೋಡುವ ರೂಢಿ ಬೇಕು. ಹಾಗಾಗಿ ತಿಂಗಳಿಗೊಮ್ಮೆ ಲೆಕ್ಕ ಹಾಕುವಾಗ ವಿಷಯವಾರು ಎಣಿಸುವುದರ ಜೊತೆಗೆ ಕಾರಣವಾರು ಎಣಿಸಬೇಕು. ‘ಇತಿಹಾಸದಲ್ಲಿ ಹನ್ನೆರಡು ತಪ್ಪು’ ಎಂದರೆ ಮತ್ತೆ ಇತಿಹಾಸದ ಪುಸ್ತಕ ಹಿಡಿಯುವಂತಾಗುತ್ತದೆ. ಆ ಹನ್ನೆರಡರಲ್ಲಿ ಎಂಟು ಓದುವಾಗಿನ ತಪ್ಪು ಎಂದು ತಿಳಿದರೆ ಮಾಡಬೇಕಾದ ಕೆಲಸವೇ ಬದಲಾಗುತ್ತದೆ.

‘ಅ’ ಮತ್ತು ‘ಊ’ ಅಕ್ಷರಗಳಿಂದ ಇನ್ನೊಂದು ಉಪಯೋಗವಿದೆ. ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೆ 2 ಅಂಕ, ತಪ್ಪಿದರೆ ಅದರ ನಾಲ್ಕನೇ ಒಂದು ಭಾಗ, ಅಂದರೆ ಅರ್ಧ ಅಂಕ, ಕಡಿತ. ಈ ಲೆಕ್ಕದಲ್ಲಿ ಐದು ಊಹೆಗಳಲ್ಲಿ ಒಂದು ಸರಿಯಾಗಿ ನಾಲ್ಕು ತಪ್ಪಿದರೆ ಬಂದ 2 ಅಂಕ ಹೋದ 2 ಅಂಕಕ್ಕೆ ಸಮ. ಐದಕ್ಕೆ ಒಂದಕ್ಕಿಂತ ಹೆಚ್ಚು ಸರಿಯಾಗುತ್ತಿದ್ದರೆ ಊಹೆ ಲಾಭ, ಕಡಿಮೆಯಾದರೆ ನಷ್ಟ. ಕಣ್ಣು ಮುಚ್ಚಿ ಹಾಕಿದರೂ ನಾಲ್ಕಕ್ಕೊಂದು ಸರಿಯಾಗಬೇಕಲ್ಲ ಎಂಬ ವಾದವಿದೆ. ಆದರೆ ಪ್ರಶ್ನೆ ತೆಗೆಯುವವರು ಕೂಡಲಸಂಗಮದಂಥ ಪರಿಚಿತ ಹೆಸರನ್ನು ಆಯ್ಕೆಗಳಲ್ಲಿ ಇಟ್ಟಿರುತ್ತಾರೆ, ಅರ್ಧ ತಿಳಿದವರ ಕೈ ಅದರ ಕಡೆಗೇ ಹೋಗುತ್ತದೆ. ತನ್ನ ಊಹೆ ಎಷ್ಟಕ್ಕೆಷ್ಟು ಸರಿಯಾಗುತ್ತದೆ ಎಂಬುದು ಅವರವರ ವಹಿಯಿಂದಲೇ ತಿಳಿಯಬೇಕು. ಅದಕ್ಕಾಗಿ ಸರಿಯಾದ ಊಹೆಗಳನ್ನೂ ಎಣಿಸಬೇಕು. ಎಂಟು ಹತ್ತು ಪತ್ರಿಕೆಗಳ ಲೆಕ್ಕ ಸೇರಿದ ಮೇಲೆ ಅದನ್ನು ನಂಬಬಹುದು, ಒಂದೇ ಪತ್ರಿಕೆಯದನ್ನು ನಂಬಬಾರದು. ಊಹೆಯಿಂದ ಸರಿಯಾದ ಪ್ರಶ್ನೆಯೂ ವಹಿಗೆ ಸೇರಬೇಕು. ಅಂಕ ಬಂದಿದ್ದರೂ ವಿಷಯ ಬಂದಿಲ್ಲ.

ವಹಿ ಕೆಡುವುದು ಎರಡು ರೀತಿಯಲ್ಲಿ. ಒಂದು, ನೂರಕ್ಕೆ ನಲವತ್ತು ತಪ್ಪಿದ್ದನ್ನೂ ಪೂರ್ತಿ ಬರೆಯಲು ಹೋಗುವುದು. ಅಷ್ಟು ತಪ್ಪಿದೆ ಎಂದರೆ ಪಠ್ಯವೇ ಓದಿ ಮುಗಿದಿಲ್ಲ. ಆಗ ‘ಖ’ ಮತ್ತು ‘ಅ’ ಗುರುತಿನವುಗಳಲ್ಲಿ ಹತ್ತು ಹದಿನೈದನ್ನು ಮಾತ್ರ ಬರೆದು, ಉಳಿದ ಹೊತ್ತನ್ನು ಪುಸ್ತಕಕ್ಕೆ ಕೊಡುವುದು ಲೇಸು. ಎರಡು, ಕೀ ಉತ್ತರವೇ ತಪ್ಪಿರುವುದು. ಕೆಪಿಎಸ್‌ಸಿ ಕೂಡ ಮೊದಲು ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ, ಆಕ್ಷೇಪಣೆ ಕರೆದು, ಆಮೇಲೆ ಅಂತಿಮಗೊಳಿಸುತ್ತದೆ. ಮಾದರಿ ಪತ್ರಿಕೆಗಳಿಗೆ ಆ ಪರಿಶೀಲನೆ ಇರುವುದಿಲ್ಲ. ‘ಖ’ ಹಾಕಿ ತಪ್ಪಿದ ಪ್ರತಿಯೊಂದನ್ನೂ ಪಠ್ಯಪುಸ್ತಕದಲ್ಲಿ ತೆರೆದು ನೋಡಿದ ಮೇಲೆಯೇ ವಹಿಗೆ ಇಳಿಸಬೇಕು. ಇಲ್ಲದಿದ್ದರೆ ವಾರವಾರವೂ ಮನನ ಮಾಡುವುದು ತಪ್ಪನ್ನೇ ಆಗುತ್ತದೆ.

ವಹಿ ಕೆಲಸ ಮಾಡುತ್ತಿದೆಯೇ ಎಂಬುದು ಒಟ್ಟು ಅಂಕದಿಂದ ಬೇಗ ತಿಳಿಯುವುದಿಲ್ಲ, ಏಕೆಂದರೆ ಪತ್ರಿಕೆಯಿಂದ ಪತ್ರಿಕೆಗೆ ಕಷ್ಟ ಬದಲಾಗುತ್ತದೆ. ನೋಡಬೇಕಾದದ್ದು ಎರಡು: ಅವಲೋಕನದಲ್ಲಿ ಅದೇ ಪ್ರಶ್ನೆ ಎರಡನೇ ಸಲ ತಪ್ಪುವುದು ಕಡಿಮೆಯಾಗುತ್ತಿದೆಯೇ, ಹೊಸ ಪತ್ರಿಕೆಯಲ್ಲಿ ‘ಖ’ ಹಾಕಿ ತಪ್ಪುವ ಪ್ರಶ್ನೆಗಳು ಕಡಿಮೆಯಾಗುತ್ತಿವೆಯೇ. ಮೂರನೇ ವಾರವೂ ಅದೇ ಪ್ರಶ್ನೆ ತಪ್ಪಿದರೆ ಬರೆದ ಕಾರಣವೇ ಸರಿಯಿಲ್ಲ ಎಂದರ್ಥ. ಹಳೆಯ ಬರಹವನ್ನು ಹೊಡೆದುಹಾಕಿ, ಬೇರೆ ಪುಸ್ತಕದಿಂದ ಓದಿ, ಹೊಸ ಮಾತಿನಲ್ಲಿ ಮತ್ತೆ ಬರೆಯಬೇಕು. ಪ್ರಚಲಿತ ಘಟನೆಗಳಿಗೆ ಮಾತ್ರ ಬೇರೆ ಹಾಳೆಗಳಿರಲಿ. ಹುದ್ದೆಯಲ್ಲಿರುವವರ ಹೆಸರು, ಪ್ರಶಸ್ತಿಗಳು ಹಳತಾಗುತ್ತವೆ. ಅವನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸಿ ತೆಗೆದುಹಾಕಿದರೆ ಉಳಿದ ವಹಿ ಪರೀಕ್ಷೆಯ ಹಿಂದಿನ ವಾರ ಒಂದೇ ದಿನದಲ್ಲಿ ತಿರುವಿಹಾಕುವಷ್ಟು ಚಿಕ್ಕದಾಗಿರುತ್ತದೆ.