‘ನೀವು’ ಎಂದರೆ ಎಷ್ಟು ಜನ? ಸಂಸ್ಕೃತ ದ್ವಿವಚನದ ಕನ್ನಡಾನುವಾದ: ಕಿಷ್ಕಿಂಧಾಕಾಂಡದ ಒಂದು ಸಂದರ್ಭ

ಬೆಂಗಳೂರಿನ ಸಿದ್ದಾಪುರದಲ್ಲಿ ಉರ್ದು ಬಲ್ಲ ಮನೆಗಳವರು ತಂದೆತಾಯಿಯರನ್ನು ಗೌರವದಿಂದ ‘ವಾಲಿದೈನ್’ ಎನ್ನುತ್ತಾರೆ. ಅದು ‘ತಂದೆ’ ಎಂಬರ್ಥದ ಅರಬ್ಬೀ ಪದದ ದ್ವಿವಚನ ರೂಪ. ಉರ್ದುವಿನಲ್ಲಿ ದ್ವಿವಚನವಿಲ್ಲ, ಪದವನ್ನು ಹಾಗೆಯೇ ಎರವಲು ಪಡೆದು ಬಹುವಚನದ ಕ್ರಿಯಾಪದದೊಡನೆ ಬಳಸಲಾಗುತ್ತದೆ. ಸಂಸ್ಕೃತದ ‘ಪಿತರೌ’ ಕೂಡ ಇಂಥದೇ ರಚನೆ. ರೂಪವನ್ನಷ್ಟೇ ನೋಡಿದರೆ ‘ಇಬ್ಬರು ತಂದೆಯರು’, ಅರ್ಥದಲ್ಲಿ ತಾಯಿ ಮತ್ತು ತಂದೆ. ಪಾಣಿನಿ ಇದನ್ನು ಏಕಶೇಷದ ಪ್ರಕರಣದಲ್ಲಿ (1.2.70) ಹೇಳಿದ್ದಾನೆ. ಎರಡೂ ಪದಗಳು ಒಂದು ಸಂಗತಿಯನ್ನು ತೋರಿಸುತ್ತವೆ: ದ್ವಿವಚನವು ಎರಡು ಎಂಬ ಎಣಿಕೆಯನ್ನು ಮಾತ್ರ ಹೇಳುವುದಿಲ್ಲ, ಎರಡನ್ನು ಒಂದು ಜೋಡಿಯಾಗಿಯೂ ಕಾಣಿಸಬಲ್ಲದು. ಕನ್ನಡಾನುವಾದದಲ್ಲಿ ಎಣಿಕೆ ಉಳಿದು ಈ ಜೋಡಿತನ ಕಳೆದುಹೋಗುವ ಬಗೆಯನ್ನು ನಾವಿಲ್ಲಿ ಒಂದೇ ಸಂದರ್ಭವನ್ನು ಆಧರಿಸಿ ಪರಿಶೀಲಿಸುತ್ತೇವೆ.

ಸಂದರ್ಭವು ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದ್ದು. ಬಿಲ್ಲು ಹಿಡಿದು ಬರುತ್ತಿರುವ ಇಬ್ಬರನ್ನು ಕಂಡು ಸುಗ್ರೀವ ಹೆದರುತ್ತಾನೆ. ಅವರು ಯಾರೆಂದು ತಿಳಿದುಬರಲು ಹನುಮಂತನನ್ನು ಕಳುಹಿಸುತ್ತಾನೆ. ಮೂರನೆಯ ಸರ್ಗದಲ್ಲಿ ಹನುಮಂತ ಆಡುವ ಮಾತೆಲ್ಲ ದ್ವಿವಚನದಲ್ಲಿದೆ. ಇಬ್ಬರಲ್ಲಿ ಹಿರಿಯನು ಯಾರು, ಮಾತಿಗೆ ಅಧಿಕಾರಿ ಯಾರು ಎಂಬುದು ಅವನಿಗೆ ತಿಳಿಯದು. ಸುಗ್ರೀವನು ಸ್ನೇಹ ಬಯಸಿದ್ದಾನೆಂದು ಹೇಳುವಾಗಲೂ ಅವನು ಬಳಸುವ ರೂಪ ‘ಯುವಾಭ್ಯಾಂ’, ಅಂದರೆ ‘ನಿಮ್ಮಿಬ್ಬರೊಡನೆ’. ಲಕ್ಷ್ಮಣನ ಉತ್ತರದಲ್ಲಿಯೂ ‘ನಾವು’ ದ್ವಿವಚನದಲ್ಲೇ ಇದೆ. ಆದರೆ ನಾಲ್ಕನೆಯ ಸರ್ಗದ ಆರಂಭದಲ್ಲಿ ಹನುಮಂತ ರಾಮನತ್ತ ತಿರುಗಿ ಈ ಕಾಡಿಗೆ ಬಂದ ಕಾರಣವನ್ನು ಕೇಳುವಾಗ ಸರ್ವನಾಮವು ‘ತ್ವಂ’ ಎಂಬ ಏಕವಚನವಾಗುತ್ತದೆ. ಲಕ್ಷ್ಮಣನು ‘ಸಾನುಜಃ’, ಅಂದರೆ ‘ತಮ್ಮನೊಡನೆ’, ಎಂಬ ವಿಶೇಷಣದೊಳಗೆ ಸೇರುತ್ತಾನೆ. ರಾಮನು ಲಕ್ಷ್ಮಣನಿಗೆ ಉತ್ತರಿಸಲು ಹೇಳಿದುದನ್ನು ಹನುಮಂತ ಈ ನಡುವೆ ಕಂಡಿದ್ದಾನೆ. ಅವರ ಹೆಸರುಗಳನ್ನು ಅವನಿಗೆ ಇನ್ನೂ ಯಾರೂ ತಿಳಿಸಿಲ್ಲ, ಆದರೂ ಅವರ ಸಂಬಂಧ ಅವನಿಗೆ ಹೊಳೆದಿದೆ. ಆ ಹೊಳಹನ್ನು ಕವಿ ಬೇರೆ ವಾಕ್ಯದಲ್ಲಿ ಹೇಳುವುದಿಲ್ಲ. ವಚನದ ಬದಲಾವಣೆಯೇ ಅದನ್ನು ಹೇಳುತ್ತದೆ.

ಇದನ್ನು ಕನ್ನಡಕ್ಕೆ ತರುವಾಗ ಏನಾಗುತ್ತದೆ? ರೂಢಿಯ ಗದ್ಯಶೈಲಿಯಲ್ಲಿ ನಾವೇ ರಚಿಸಿಕೊಂಡ ಎರಡು ವಾಕ್ಯಗಳನ್ನು ನೋಡೋಣ. ‘ಸುಗ್ರೀವನು ನಿಮ್ಮೊಡನೆ ಸ್ನೇಹವನ್ನು ಬಯಸುತ್ತಾನೆ’ ಎಂಬುದು ಮೊದಲನೆಯದು. ‘ತಮ್ಮನೊಡನೆ ನೀವು ಈ ಘೋರಾರಣ್ಯಕ್ಕೆ ಏಕೆ ಬಂದಿರಿ?’ ಎಂಬುದು ಎರಡನೆಯದು. ಇವುಗಳಲ್ಲಿ ವ್ಯಾಕರಣದೋಷವಿಲ್ಲ. ಆದರೆ ಕನ್ನಡದ ‘ನೀವು’ ಇಬ್ಬರಿಗೂ ಸಲ್ಲುತ್ತದೆ, ಹಲವರಿಗೂ ಸಲ್ಲುತ್ತದೆ, ಗೌರವಾರ್ಹನಾದ ಒಬ್ಬನಿಗೂ ಸಲ್ಲುತ್ತದೆ. ಆದ್ದರಿಂದ ಮೊದಲ ವಾಕ್ಯವನ್ನು ಓದಿದವರು ಹನುಮಂತನು ಆಗಲೇ ರಾಮನೊಬ್ಬನನ್ನು ಗುರುತಿಸಿ ಮಾತನಾಡುತ್ತಿದ್ದಾನೆಂದು ಭಾವಿಸಲು ಅಡ್ಡಿಯಿಲ್ಲ. ಎರಡನೆಯದನ್ನು ಓದಿದವರಿಗೆ ಸಂಬೋಧನೆ ಬದಲಾದುದೇ ಕಾಣದು. ಮೂಲದಲ್ಲಿ ಎರಡು ಮಜಲುಗಳಿದ್ದುದು ಇಲ್ಲಿ ಒಂದೇ ಆಗಿದೆ.

ರಾಮಾಯಣವನ್ನು ಅರಿಯದ ಕನ್ನಡ ಓದುಗರಿಲ್ಲ, ಹಾಗಾಗಿ ಯಾರೂ ಲೆಕ್ಕ ತಪ್ಪಲಾರರು ಎಂಬ ಆಕ್ಷೇಪ ಏಳಬಹುದು. ಅದು ನಿಜವೇ. ಆದರೆ ನಮ್ಮ ಪ್ರಶ್ನೆ ಲೆಕ್ಕದ್ದಲ್ಲ. ಮುಂದೆ ಐದನೆಯ ಸರ್ಗದಲ್ಲಿ ಅಗ್ನಿಸಾಕ್ಷಿಯಾಗಿ ಸಖ್ಯ ಏರ್ಪಡುವುದು ಸುಗ್ರೀವನಿಗೂ ರಾಮನಿಗೂ ನಡುವೆ. ಜೋಡಿಯೊಂದಕ್ಕೆ ನೀಡಿದ ಆಹ್ವಾನವು ಒಬ್ಬನೊಡನೆಯ ಒಪ್ಪಂದವಾಗಿ ಮುಗಿಯುವ ಕ್ರಮವನ್ನು ಮೂಲದಲ್ಲಿ ವಚನವೇ ಹೊತ್ತು ನಡೆಸುತ್ತದೆ. ಕಥೆಯನ್ನು ಅರಿತ ಓದುಗರಿಗೆ ಕೂಡ ಆ ನಡೆ ಕನ್ನಡದಲ್ಲಿ ಕಾಣಬೇಕಾದರೆ ಭಾಷೆಯಲ್ಲಿ ಅದಕ್ಕೊಂದು ಗುರುತು ಬೇಕು.

ಹಾಗೆಂದು ದ್ವಿವಚನ ಬಂದಲ್ಲೆಲ್ಲ ‘ಇಬ್ಬರೂ’ ಸೇರಿಸುವುದು ಪರಿಹಾರವಲ್ಲ. ಇಬ್ಬರ ವಿಷಯದಲ್ಲಿ ದ್ವಿವಚನ ಸಂಸ್ಕೃತದಲ್ಲಿ ಸಾಮಾನ್ಯ ನಿಯಮ. ಕಡ್ಡಾಯವಾದುದರಿಂದ ಅದಕ್ಕೆ ಒತ್ತಿಲ್ಲ. ಕನ್ನಡದಲ್ಲಿ ‘ಇಬ್ಬರು’ ಐಚ್ಛಿಕ, ಅದಕ್ಕೆ ‘ಊ’ ಸೇರಿದರೆ ‘ಒಬ್ಬರಷ್ಟೇ ಅಲ್ಲ’ ಎಂಬ ಧ್ವನಿಯೂ ಹೊರಡುತ್ತದೆ. ‘ನೀವಿಬ್ಬರೂ ಯಾರು? ನೀವಿಬ್ಬರೂ ಎಲ್ಲಿಂದ ಬಂದಿರಿ?’ ಎಂದು ಸಾಲುಸಾಲಾಗಿ ಕೇಳುವ ಹನುಮಂತ ವಿನಯಶಾಲಿ ದೂತನಾಗಿ ಕಾಣದೆ ವಿಚಾರಣೆ ನಡೆಸುವ ಅಧಿಕಾರಿಯಂತೆ ಕಾಣುತ್ತಾನೆ. ಅವನ ಮಾತಿನಲ್ಲಿ ಒಂದು ಅಪಶಬ್ದವೂ ಇರಲಿಲ್ಲವೆಂದು, ಅವನು ವ್ಯಾಕರಣವನ್ನು ಚೆನ್ನಾಗಿ ಕಲಿತಿರಬೇಕೆಂದು ರಾಮನು ಮೆಚ್ಚುವುದು ಇದೇ ಸರ್ಗದಲ್ಲಿ ಎಂಬುದನ್ನು ಅನುವಾದಕರು ಮರೆಯುವಂತಿಲ್ಲ.

ಈ ಭಾಷಣದಲ್ಲೇ ಬರುವ ಆಯುಧಗಳ ವರ್ಣನೆ ಇನ್ನೊಂದು ಬಗೆಯ ತೊಡಕನ್ನು ತೋರುತ್ತದೆ. ಬಿಲ್ಲುಗಳು ‘ಧನುಷೀ’ ಎಂದು ದ್ವಿವಚನದಲ್ಲಿವೆ, ಖಡ್ಗಗಳು ‘ಖಡ್ಗೌ’ ಎಂದು ದ್ವಿವಚನದಲ್ಲಿವೆ; ಆದರೆ ಬತ್ತಳಿಕೆಗಳು ‘ತೂಣಾಃ’ ಎಂದು ಬಹುವಚನದಲ್ಲಿವೆ. ದ್ವಿವಚನವುಳ್ಳ ಭಾಷೆಯಲ್ಲಿ ಬಹುವಚನವೆಂದರೆ ಸಾಮಾನ್ಯವಾಗಿ ಮೂರು ಅಥವಾ ಹೆಚ್ಚು. ತಲಾ ಒಂದು ಬಿಲ್ಲು, ಒಂದು ಖಡ್ಗ, ಎರಡು ಬತ್ತಳಿಕೆ ಎಂದು ಊಹಿಸಿದರೆ ಮೂರೂ ರೂಪಗಳು ಸರಿಹೊಂದುತ್ತವೆ. ಕನ್ನಡದ ನಪುಂಸಕ ನಾಮಪದಗಳಲ್ಲಿ ‘ಗಳು’ ಬಹುಮಟ್ಟಿಗೆ ಐಚ್ಛಿಕ: ‘ಎರಡು ಬಿಲ್ಲು’ ಎಂಬುದು ಸಹಜ ಪ್ರಯೋಗ, ‘ಇಬ್ಬರು ರಾಜಕುಮಾರ’ ಎಂಬುದಲ್ಲ. ಕನ್ನಡದ ವಚನವ್ಯವಸ್ಥೆಗೆ ಸಂಸ್ಕೃತದ ಅಚ್ಚು ಹೊಂದದೆಂಬುದಕ್ಕೆ ಇದೂ ಒಂದು ನಿದರ್ಶನ; ಕನ್ನಡಕ್ಕೆ ತನ್ನದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ‘ಬಿಲ್ಲುಗಳು, ಖಡ್ಗಗಳು, ಬತ್ತಳಿಕೆಗಳು’ ಎಂದರೆ ಮೂಲದ ಭೇದ ಅಳಿಸಿಹೋಗುತ್ತದೆ. ‘ಇಬ್ಬರ ಬಿಲ್ಲೂ ಚಿತ್ರಿತವಾಗಿವೆ, ಇಬ್ಬರ ಖಡ್ಗವೂ ಹೊಳೆಯುತ್ತಿವೆ, ಬತ್ತಳಿಕೆಗಳು ಬಾಣಗಳಿಂದ ತುಂಬಿವೆ’ ಎಂದರೆ ಅದು ಉಳಿಯುತ್ತದೆ. ಇಲ್ಲಿ ಪ್ರತ್ಯಯವಿಲ್ಲದ ‘ಬಿಲ್ಲು’, ‘ಖಡ್ಗ’ಗಳು ಒಬ್ಬೊಬ್ಬರಿಗೆ ಒಂದೊಂದು ಎಂಬ ಅರ್ಥವನ್ನು ತಾವಾಗಿ ಕೊಡುತ್ತವೆ, ‘ಗಳು’ ಬಂದೊಡನೆ ಅದಕ್ಕಿಂತ ಹೆಚ್ಚು ಎಂಬ ಸೂಚನೆ ದೊರೆಯುತ್ತದೆ. ಐಚ್ಛಿಕವಾದುದರಿಂದಲೇ ಕನ್ನಡದ ‘ಗಳು’ ಈ ಭೇದವನ್ನು ತೋರಿಸಬಲ್ಲದು. ತಲಾ ಎರಡು ಎಂಬ ನಿಖರತೆ ಮಾತ್ರ ಇದರಲ್ಲಿ ಬಾರದು. ಮೂಲವೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಹೀಗಾಗಿ ನಾವು ಸೂಚಿಸುವ ಪರೀಕ್ಷೆ ಸರಳವಾದುದು. ಸಂಖ್ಯಾಪದವನ್ನು ತೆಗೆದು ಓದಬೇಕು. ವಾಕ್ಯವು ಒಬ್ಬನನ್ನು ಉದ್ದೇಶಿಸಿದೆ ಎಂಬ ಅರ್ಥಕ್ಕೆ ಎಡೆಯಾಗಿ, ಆ ಅರ್ಥದಿಂದ ಪ್ರಸಂಗ ಕೆಡುವುದಾದರೆ ಮಾತ್ರ ‘ಇಬ್ಬರು’ ಇರಬೇಕು. ಈ ಸಂದರ್ಭದಲ್ಲಿ ಅದು ಎರಡು ಎಡೆಗಳಲ್ಲಿ ಅನಿವಾರ್ಯ: ಹನುಮಂತನ ಮೊದಲ ಸಂಬೋಧನೆಯಲ್ಲಿ, ಮತ್ತು ಸ್ನೇಹದ ಆಹ್ವಾನದಲ್ಲಿ. ನಡುವಿನ ಪ್ರಶ್ನೆಗಳಿಗೆ ಬರಿಯ ‘ನೀವು’ ಸಾಕು.

ನಾಲ್ಕನೆಯ ಸರ್ಗದ ಪ್ರಶ್ನೆಗೆ ಮಾತ್ರ ಸಂಖ್ಯಾಪದದಿಂದ ಉಪಯೋಗವಿಲ್ಲ. ಅಲ್ಲಿ ‘ತಮ್ಮನೊಡನೆ ನೀನು ಏಕೆ ಬಂದೆ?’ ಎಂದು ಏಕವಚನಕ್ಕೆ ಇಳಿಯುವುದೇ ಮೂಲಕ್ಕೆ ಹತ್ತಿರ. ಅಪರಿಚಿತನಾದ ಹಿರಿಯನನ್ನು ‘ನೀನು’ ಎನ್ನುವುದು ಇಂದಿನ ಗದ್ಯದಲ್ಲಿ ಅವಿನಯವೆನಿಸಬಹುದು. ಆದರೆ ಒಡೆಯನನ್ನೂ ದೇವರನ್ನೂ ‘ನೀನು’ ಎಂದು ಕರೆಯುವುದು ಕನ್ನಡ ಕಾವ್ಯದ ಹಳೆಯ ಪದ್ಧತಿ. ‘ನೀವಿಬ್ಬರು’ ಎಂದು ತೊಡಗಿದ ಹನುಮಂತ ‘ನೀನು’ ಎಂದು ರಾಮನೊಬ್ಬನನ್ನು ಕೇಳಿದಾಗ, ದ್ವಿವಚನವಿಲ್ಲದ ಭಾಷೆಯಲ್ಲಿಯೂ ದ್ವಿವಚನದಿಂದ ಏಕವಚನಕ್ಕೆ ಸಾಗಿದ ನಡೆ ಓದುಗರ ಕಿವಿಗೆ ತಲುಪುತ್ತದೆ. ಶಿಷ್ಟಾಚಾರಕ್ಕಾಗಿ ಅಲ್ಲಿ ‘ನೀವು’ ಆರಿಸಿದರೆ ಗೌರವ ಉಳಿದೀತು, ಆದರೆ ಹನುಮಂತನು ಆ ಇಬ್ಬರಲ್ಲಿ ಹಿರಿಯನನ್ನು ಗುರುತಿಸಿದ ಕ್ಷಣ ಮರೆಯಾಗುತ್ತದೆ.