ಬಿಳಿಕಣಗಳ ಸ್ಲೈಡ್: ನೋಡಲು ಕಲಿಯುವವರಿಗೊಂದು ಕೈಪಿಡಿ

ರಕ್ತ ತಪಾಸಣೆಯ ಚೀಟಿ ಕೈಗೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಟೋಟಲ್ ಕೌಂಟ್ ಮೇಲೆ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 4,000ದಿಂದ 11,000 ಬಿಳಿಕಣ ಇರುವುದು ವಾಡಿಕೆ. ಅದು 18,000 ಆದರೆ ‘ಬಿಳಿಕಣ ಹೆಚ್ಚಾಗ್ಯಾವ’ ಎಂಬ ಮಾತು ಮನೆತನಕ ಹೋಗುತ್ತದೆ. ಆದರೆ ಹೆಚ್ಚಾದದ್ದು ಯಾವ ಕಣ ಎಂಬುದನ್ನು ಆ ಒಂದು ಅಂಕಿ ಹೇಳುವುದಿಲ್ಲ. ಅದನ್ನು ಹೇಳುವುದು ಕೆಳಗಿನ ಡಿಸಿ ಸಾಲುಗಳು, ಅವುಗಳಿಗಿಂತ ಚೆನ್ನಾಗಿ ಹೇಳುವುದು ಬಣ್ಣ ಹಾಕಿದ ಸ್ಲೈಡ್.

ಕಲಿಕೆಗಾಗಿ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಗಂಗಾವತಿ ಕಡೆ ತುಂಗಭದ್ರಾ ಕಾಲುವೆಯ ಗದ್ದೆಯಲ್ಲಿ ಭತ್ತದ ನಾಟಿ ಮಾಡುವ ಹೆಣ್ಣುಮಗಳೊಬ್ಬಳಿಗೆ ನಾಲ್ಕು ದಿನದಿಂದ ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ನೋವು. ಟೋಟಲ್ ಕೌಂಟ್ 18,000, ನ್ಯೂಟ್ರೋಫಿಲ್ ಶೇ. 86, ಲಿಂಫೋಸೈಟ್ ಶೇ. 9. ಚೀಟಿಯಲ್ಲಿ ಎರಡಕ್ಕೂ ಗುರುತು ಬಿದ್ದಿರುತ್ತದೆ, ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂದು. ಈಗ ಗುಣಿಸಿ ನೋಡಿ. 18,000ದಲ್ಲಿ ಶೇ. 86 ಎಂದರೆ 15,480 ನ್ಯೂಟ್ರೋಫಿಲ್. ದೊಡ್ಡವರಲ್ಲಿ ಸುಮಾರು 7,500 ದಾಟಿದರೇ ಅದು ಹೆಚ್ಚು. ಶೇ. 9 ಎಂದರೆ 1,620 ಲಿಂಫೋಸೈಟ್. ಸಾವಿರದಿಂದ ನಾಲ್ಕು ಸಾವಿರದ ನಡುವೆ ಇರಬೇಕಾದದ್ದು, ಆದ್ದರಿಂದ ಸರಿಯಾಗಿಯೇ ಇದೆ. ಲಿಂಫೋಸೈಟ್ ಕಡಿಮೆ ಆಗಿಯೇ ಇಲ್ಲ; ನ್ಯೂಟ್ರೋಫಿಲ್‌ಗಳು ತುಂಬಿಕೊಂಡದ್ದರಿಂದ ಅದರ ಪಾಲು ಚಿಕ್ಕದಾಗಿ ಕಂಡಿತು.

ಇದೇ ಲೆಕ್ಕ ತಿರುಗಿಯೂ ಬರುತ್ತದೆ. ಡೆಂಗಿಯಲ್ಲಿ ಟೋಟಲ್ ಕೌಂಟ್ 2,800ಕ್ಕೆ ಇಳಿದು ಲಿಂಫೋಸೈಟ್ ಶೇ. 60 ಎಂದು ಬಂದರೆ ಅದು ಲಿಂಫೋಸೈಟ್ ಏರಿದ್ದಲ್ಲ, ಬಂದದ್ದು 1,680 ಮಾತ್ರ. ಟೈಫಾಯಿಡ್‌ನಲ್ಲೂ ಕೌಂಟ್ ಸಾಮಾನ್ಯವಾಗಿಯೋ ಕಡಿಮೆಯಾಗಿಯೋ ಇದ್ದು ಶೇಕಡಾ ಮಾತ್ರ ಹೀಗೆ ಮೋಸ ಮಾಡುವುದುಂಟು. ಯಂತ್ರದ ಚೀಟಿಯಲ್ಲಿ LYM% ಸಾಲಿನ ಹತ್ತಿರವೇ LYM# ಎಂಬ ಸಾಲು ಇರುತ್ತದೆ. ಮೊದಲು ಓದಬೇಕಾದದ್ದು # ಇರುವ ಸಾಲನ್ನು.

ಅಂಕಿ ಓದಿದ ಮೇಲೆ ಕಣ್ಣಿನ ಕೆಲಸ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಲೀಶ್ಮನ್ ಬಣ್ಣ ಹಾಕಿ, ಎರಡು ನಿಮಿಷ ಬಿಟ್ಟು, ಅದರ ಎರಡು ಪಟ್ಟು ಬಫರ್ ನೀರು ಬೆರೆಸಿ ಹತ್ತು ನಿಮಿಷದ ಆಸುಪಾಸು ಕಾಯುತ್ತಾರೆ. ಆ ಬಫರ್‌ನ ಪಿಎಚ್ 6.8 ಇರಬೇಕು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಎಲ್ಲರಿಗೂ ತಿಳಿದದ್ದೇ. ಅಂಥ ನೀರು ಬಹುಮಟ್ಟಿಗೆ ಕ್ಷಾರದ ಕಡೆಗಿರುತ್ತದೆ. ಬಫರ್ ಬಿಟ್ಟು ಅದೇ ನೀರು ಸುರಿದರೆ ಇಡೀ ಸ್ಲೈಡ್ ನೀಲಿಗೆ ತಿರುಗುತ್ತದೆ, ಕೆಂಪುಕಣಗಳು ಬೂದಿ ಬಣ್ಣಕ್ಕೆ ಬರುತ್ತವೆ, ನ್ಯೂಟ್ರೋಫಿಲ್‌ನೊಳಗಿನ ಸಣ್ಣ ಹರಳುಗಳು ಕಪ್ಪಗೆ ಕಾಣುತ್ತವೆ. ತೀವ್ರ ಸೋಂಕಿನಲ್ಲಿ ಹರಳುಗಳು ದಪ್ಪಗಾಗಿ ಕಪ್ಪಾಗುವುದು ನಿಜವಾದ ಲಕ್ಷಣವಾದ್ದರಿಂದ, ನೀರಿನ ದೋಷವನ್ನು ರೋಗವೆಂದು ಓದುವ ಅಪಾಯ ಇಲ್ಲಿದೆ. ಹಾಗಾಗಿ ಮೊದಲು ಕೆಂಪುಕಣಗಳನ್ನು ನೋಡಿ. ಅವು ತಿಳಿಗುಲಾಬಿ ಬಣ್ಣದಲ್ಲಿದ್ದರೆ ಮಾತ್ರ ಬಿಳಿಕಣಗಳ ಬಣ್ಣವನ್ನು ನಂಬಿ.

ಎಲ್ಲಿ ನೋಡಬೇಕೆಂಬುದೂ ಮುಖ್ಯ. ನ್ಯೂಟ್ರೋಫಿಲ್‌ನಂಥ ದೊಡ್ಡ ಕಣಗಳು ಎಳೆಯುವಾಗ ಅಂಚಿಗೆ, ಬಾಲದ ತುದಿಗೆ ಸರಿಯುತ್ತವೆ. ಸಣ್ಣ ಲಿಂಫೋಸೈಟ್‌ಗಳು ನಡುವೆ ಉಳಿಯುತ್ತವೆ. ಬರೀ ಅಂಚಿನಲ್ಲಿ ನೂರು ಕಣ ಎಣಿಸಿದರೆ ಒಂದು ಉತ್ತರ, ಬರೀ ನಡುವೆ ಎಣಿಸಿದರೆ ಇನ್ನೊಂದು. ಕೆಂಪುಕಣಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕ ತಾಗಿಕೊಂಡಿರುವ ಜಾಗದಲ್ಲಿ, ಅಂಚಿನಿಂದ ಒಳಗೆ, ಮತ್ತೆ ಅಂಚಿಗೆ ಎಂದು ಕೋಟೆಯ ತೆನೆಗಳ ಹಾಗೆ ಏರಿಳಿಯುತ್ತ ಎಣಿಸಬೇಕು.

ಆ ಗದ್ದೆ ಕೆಲಸದವಳ ಸ್ಲೈಡ್‌ನಲ್ಲಿ ಕಾಣುವುದು ನ್ಯೂಟ್ರೋಫಿಲ್‌ಗಳ ಗುಂಪು. ಗಾಢ ನೇರಳೆಯ ಬೀಜಕೇಂದ್ರ ಮೂರರಿಂದ ಐದು ತುಂಡಾಗಿ, ನಡುವೆ ಸಪೂರ ದಾರದಷ್ಟು ಕೊಂಡಿ. ಅವುಗಳ ನಡುವೆ ತುಂಡಾಗದೆ ಕುದುರೆಲಾಳದಂತೆ ಬಾಗಿದ ಕೇಂದ್ರದ ಕಣಗಳೂ ಸಿಗುತ್ತವೆ. ಅವು ಇನ್ನೂ ಬಲಿಯದವು, ಅವನ್ನು ಬ್ಯಾಂಡ್ ಎನ್ನುತ್ತಾರೆ. ಬೇಡಿಕೆ ಹೆಚ್ಚಾದಾಗ ಮಜ್ಜೆ ಅವನ್ನೂ ಹೊರಗೆ ಕಳಿಸುತ್ತದೆ. ನ್ಯೂಟ್ರೋಫಿಲ್ ಹೆಚ್ಚು, ಬ್ಯಾಂಡ್ ಹೆಚ್ಚು, ಹರಳು ದಪ್ಪ ಎಂದಾಗ ಬೆರಳು ಬ್ಯಾಕ್ಟೀರಿಯಾ ಸೋಂಕಿನ ಕಡೆ ಹೋಗುತ್ತದೆ. ಬಾವು, ನ್ಯುಮೋನಿಯಾ, ಮೂತ್ರದ ಸೋಂಕು, ಅಪೆಂಡಿಕ್ಸ್ ಎಲ್ಲವೂ ಹೀಗೆಯೇ ಬರಬಹುದು. ಈಕೆಗೆ ಕೆಸರಿನ ಕೆಲಸ, ಮೀನಖಂಡದ ನೋವು, ಕೆಂಪು ಕಣ್ಣು ಮೂರೂ ಕೂಡಿರುವುದರಿಂದ ಇಲಿಜ್ವರವನ್ನು ಕೇಳಲೇಬೇಕು. ಆದರೆ ಸ್ಲೈಡ್ ಕ್ರಿಮಿಯ ಹೆಸರು ಹೇಳುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು.

ನ್ಯೂಟ್ರೋಫಿಲ್ ಏರಲು ಸೋಂಕೇ ಬೇಕೆಂದಿಲ್ಲ. ಜ್ವರಕ್ಕೆಂದು ಹಿಂದಿನ ದಿನ ಸ್ಟಿರಾಯ್ಡ್ ಸೂಜಿ ಮಾಡಿಸಿಕೊಂಡಿದ್ದರೆ, ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಹರಿವಿಗೆ ಬಂದು ಕೌಂಟ್ ಏರುತ್ತದೆ. ಆಗ ಬ್ಯಾಂಡ್ ಅಷ್ಟಾಗಿ ಕಾಣುವುದಿಲ್ಲ, ಕಿತ್ತಳೆ ಹರಳಿನ ಇಯೊಸಿನೊಫಿಲ್ ಬಹುತೇಕ ಮಾಯವಾಗಿರುತ್ತದೆ. ಬಸುರಿಯರಲ್ಲಿ, ಬೀಡಿ ಸೇದುವವರಲ್ಲಿ, ಸುಟ್ಟಗಾಯ ಆದವರಲ್ಲಿ, ಹಾವು ಕಚ್ಚಿದವರಲ್ಲಿಯೂ ಕೌಂಟ್ ಏರುವುದುಂಟು. ಆದ್ದರಿಂದ ‘ನಿನ್ನೆ ಯಾವ ಸೂಜಿ ಮಾಡಿದರು’ ಎಂಬ ಪ್ರಶ್ನೆ ಚೀಟಿ ಓದುವುದರ ಭಾಗವೇ.

ಲಿಂಫೋಸೈಟ್ ತುಂಬಿದ ಸ್ಲೈಡ್‌ನ ನೋಟವೇ ಬೇರೆ. ದುಂಡು ಕೇಂದ್ರ ಇಡೀ ಕಣವನ್ನು ತುಂಬಿ, ಸುತ್ತ ಆಕಾಶನೀಲಿಯ ಸಣ್ಣ ಅಂಚು ಉಳಿದಿರುತ್ತದೆ. ಇಲ್ಲಿ ಮೊದಲು ಕೇಳಬೇಕಾದದ್ದು ವಯಸ್ಸು. ಹುಟ್ಟಿದ ವಾರದ ಆಸುಪಾಸಿನಿಂದ ನಾಲ್ಕೈದು ವರ್ಷದವರೆಗೆ ಮಕ್ಕಳಲ್ಲಿ ಲಿಂಫೋಸೈಟ್‌ಗಳೇ ಹೆಚ್ಚು. ಎರಡು ವರ್ಷದ ಕೂಸಿಗೆ 9,500 ಕೌಂಟ್, ಲಿಂಫೋಸೈಟ್ ಶೇ. 58 ಇದ್ದರೆ ಅದು ರೋಗವಲ್ಲ. ಅದೇ ಕೂಸು ಲಸಿಕೆ ಪೂರ್ತಿ ಹಾಕಿಸಿಕೊಳ್ಳದೆ, ಉಸಿರು ಕಟ್ಟುವಂತೆ ಕೆಮ್ಮುತ್ತ, ಕೌಂಟ್ 28,000ಕ್ಕೆ ಏರಿ ಶೇ. 78 ಲಿಂಫೋಸೈಟ್ ತೋರಿಸಿದರೆ ನಾಯಿಕೆಮ್ಮು ನೆನಪಾಗಬೇಕು. ಅದು ಬ್ಯಾಕ್ಟೀರಿಯಾ ರೋಗ, ಆದರೂ ಏರುವುದು ಲಿಂಫೋಸೈಟ್. ಅದರ ವಿಷ ಲಿಂಫೋಸೈಟ್‌ಗಳು ರಕ್ತನಾಳದಿಂದ ಹೊರಗೆ ಹೋಗದಂತೆ ತಡೆಯುವುದರಿಂದ ಅವು ರಕ್ತದಲ್ಲೇ ಕೂಡಿಕೊಳ್ಳುತ್ತವೆ. ‘ನ್ಯೂಟ್ರೋಫಿಲ್ ಎಂದರೆ ಬ್ಯಾಕ್ಟೀರಿಯಾ, ಲಿಂಫೋಸೈಟ್ ಎಂದರೆ ವೈರಸ್’ ಎಂಬ ಬಾಯಿಪಾಠ ಇಲ್ಲಿ ಮುರಿಯುತ್ತದೆ. ಹದಿಹರೆಯದವರಿಗೆ ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು ಇದ್ದು, ಲಿಂಫೋಸೈಟ್‌ಗಳು ದೊಡ್ಡದಾಗಿ ಅಂಚಿನಲ್ಲಿ ಕೆಂಪುಕಣಗಳನ್ನು ತಬ್ಬಿದಂತೆ ಕಂಡರೆ ಆ ಬಾಯಿಪಾಠ ಹೊಂದುತ್ತದೆ. ಅದು ಬಹುಮಟ್ಟಿಗೆ ವೈರಸ್‌ನ ನೋಟ.

ಅರವತ್ತು ದಾಟಿದವರಿಗೆ ಜ್ವರವಿಲ್ಲ, ನೋವಿಲ್ಲ, ಶಸ್ತ್ರಚಿಕಿತ್ಸೆಗೆಂದು ರಕ್ತ ಕೊಟ್ಟರೆ ಕೌಂಟ್ 42,000, ಅದರಲ್ಲಿ ಶೇ. 85 ಲಿಂಫೋಸೈಟ್. ಎಲ್ಲವೂ ಒಂದೇ ಅಚ್ಚಿನ ಸಣ್ಣ ಕಣಗಳು, ನಡುನಡುವೆ ಒಡೆದು ಹರಡಿದ ನೇರಳೆ ಮಸಿಯಂಥ ಕಲೆಗಳು. ಇದು ನಿಧಾನವಾಗಿ ಬೆಳೆಯುವ ಲಿಂಫೋಸೈಟ್ ರಕ್ತ ಕ್ಯಾನ್ಸರ್‌ನ ಚಹರೆ. ಹಳೆಯ ಚೀಟಿ ಹುಡುಕಬೇಕು, ಕುತ್ತಿಗೆ, ಕಂಕುಳ, ಗುಲ್ಮ ಮುಟ್ಟಿ ನೋಡಬೇಕು, ಫ್ಲೋ ಸೈಟೋಮೆಟ್ರಿಗೆ ಕಳಿಸಬೇಕು. ಅನೇಕರಿಗೆ ಚಿಕಿತ್ಸೆ ಕೂಡಲೇ ಬೇಕಾಗುವುದಿಲ್ಲ.

ತಡಮಾಡಬಾರದ್ದು ಇನ್ನೊಂದು. ಸಣ್ಣ ಊರಿನ ಲ್ಯಾಬ್‌ಗಳ ಬಹಳಷ್ಟು ಯಂತ್ರಗಳು ಕಣಗಳನ್ನು ಗಾತ್ರದ ಮೇಲೆ LYM, MID, GRAN ಎಂಬ ಮೂರೇ ಗುಂಪಾಗಿ ವಿಂಗಡಿಸುತ್ತವೆ. ಮಗುವಿನ ತೀವ್ರ ರಕ್ತ ಕ್ಯಾನ್ಸರ್‌ನ ಎಳೆಯ ಕಣಗಳನ್ನೂ ಅವು LYM ಅಥವಾ MID ಎಂದು ಎಣಿಸಿ ಮುಗಿಸಿಬಿಡಬಹುದು. ಲಿಂಫೋಸೈಟ್ ಹೆಚ್ಚು ಎಂದು ಬಂದ ಮಗುವಿಗೆ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಕೂಡ ಬಿದ್ದಿದ್ದರೆ, ಮೈಮೇಲೆ ಕೆಂಪು ಚುಕ್ಕೆ ಇದ್ದರೆ, ಅದೇ ದಿನ ಸ್ಲೈಡ್ ಎಳೆಸಿ ರೋಗವಿಜ್ಞಾನ ತಜ್ಞರ ಕಣ್ಣಿಗೆ ಬೀಳುವಂತೆ ಮಾಡಬೇಕು.